ಚಾನೆಲ್ ಹೆಸರಿನ ಕೆಳಗೆ 412 ವಿಡಿಯೋ ಅಂತಿದೆ, ವಿಡಿಯೋಸ್ ಟ್ಯಾಬಿನಲ್ಲಿ ಎಣಿಸಿದರೆ 236. ಉಳಿದ 176 ಎಲ್ಲಿ ಹೋದವು?

ಚಂಡೆಮದ್ದಳೆ · ಶನಿವಾರ, ಬೆಳಗ್ಗೆ 9:12

ಎಲ್ಲರಿಗೂ ನಮಸ್ಕಾರ. ನಮ್ಮ ಊರಿನ ಹವ್ಯಾಸಿ ಯಕ್ಷಗಾನ ತಂಡದ ಯೂಟ್ಯೂಬ್ ಚಾನೆಲ್ ನಾನೇ ನೋಡಿಕೊಳ್ಳುವುದು. ನಿನ್ನೆ ಸಂಘದ ಮೀಟಿಂಗಿನಲ್ಲಿ ಅಧ್ಯಕ್ಷರು ಒಂದು ಪ್ರಶ್ನೆ ಹಾಕಿದರು. "ಮೇಲೆ 412 ವಿಡಿಯೋ ಅಂತ ಬರೆದಿದೆ. ನನ್ನ ಮೊಮ್ಮಗ ಕೂತು ಎಣಿಸಿದ್ದಾನೆ, 236 ಮಾತ್ರ ಇದೆಯಂತೆ. ಬಾಕಿ ಯಾರು ಅಳಿಸಿದ್ದು?" ಎಲ್ಲರೂ ನನ್ನ ಮುಖ ನೋಡಿದರು.

ನಾನು ಅಳಿಸಿಲ್ಲ ಸ್ವಾಮಿ. ರಾತ್ರಿ ಮನೆಗೆ ಬಂದು ನಾನೂ ಎಣಿಸಿದೆ. ವಿಡಿಯೋಸ್ ಟ್ಯಾಬಿನ ಕೊನೆಯವರೆಗೂ ಸ್ಕ್ರೋಲ್ ಮಾಡಿ, ಸಾಲಿಗೆ ನಾಲ್ಕರಂತೆ. ಸರಿಯಾಗಿ 236. ಹುಡುಗ ತಪ್ಪು ಎಣಿಸಿಲ್ಲ. ಹಾಗಾದರೆ 412 ಎಲ್ಲಿಂದ ಬಂತು?

ಸ್ಟುಡಿಯೋಶೆಟ್ರು · ಬೆಳಗ್ಗೆ 9:40

ಇದು ಸಿಂಪಲ್. ನೀವು ಪ್ರೈವೇಟ್ ಮತ್ತು ಅನ್‌ಲಿಸ್ಟೆಡ್ ಮಾಡಿಟ್ಟ ವಿಡಿಯೋಗಳನ್ನೂ ಮೇಲಿನ ಲೆಕ್ಕ ಹಿಡಿಯುತ್ತದೆ. ನಾನು ಮದುವೆ ವಿಡಿಯೋ ಮಾಡುವವನು. ಗಿರಾಕಿಗಳಿಗೆ ಲಿಂಕ್ ಕಳಿಸಲು ಅನ್‌ಲಿಸ್ಟೆಡ್ ಹಾಕುತ್ತೇನೆ. ನನ್ನದೂ ಹೀಗೇ, ಮೇಲೆ ಜಾಸ್ತಿ, ಒಳಗೆ ಕಡಿಮೆ. ಜೊತೆಗೆ ಶಾರ್ಟ್ಸ್ ಕೂಡ ಸೇರುತ್ತದೆ.

ಪಿಯುಸಿ ಮೇಷ್ಟ್ರು · ಬೆಳಗ್ಗೆ 10:05

ವೀಕ್ಷಣೆಗಳ ಲೆಕ್ಕ ಹೀಗೆ ಹಿಂದುಮುಂದಾಗುವುದು ಸಹಜ ಸಾರ್. ಯೂಟ್ಯೂಬಿನವರು ನಕಲಿ ವೀಕ್ಷಣೆಗಳನ್ನು ಆಮೇಲೆ ಕಳೆಯುತ್ತಾರೆ. ತಲೆ ಕೆಡಿಸಿಕೊಳ್ಳಬೇಡಿ.

ಚಂಡೆಮದ್ದಳೆ · ಬೆಳಗ್ಗೆ 10:11

ಮೇಷ್ಟ್ರೇ, ವೀಕ್ಷಣೆ ಅಲ್ಲ, ವಿಡಿಯೋಗಳ ಸಂಖ್ಯೆ. ನಮ್ಮ ವೀಕ್ಷಣೆ ಕಳೆಯುವಷ್ಟು ಇದ್ದರೆ ತಾನೇ.

ಶೆಟ್ರೇ, ನಮ್ಮದರಲ್ಲಿ ಪ್ರೈವೇಟ್, ಅನ್‌ಲಿಸ್ಟೆಡ್ ಎಲ್ಲ ಸೇರಿ ಇಪ್ಪತ್ತು ಚಿಲ್ಲರೆ ಇರಬಹುದು. 176 ಎಲ್ಲಿ, ಇಪ್ಪತ್ತು ಎಲ್ಲಿ?

ಅಂಕೆಸಂಖ್ಯೆ · ಬೆಳಗ್ಗೆ 10:38

ಶೆಟ್ರು ಹೇಳಿದ್ದರಲ್ಲಿ ಶಾರ್ಟ್ಸ್ ವಿಷಯ ಸರಿ, ಪ್ರೈವೇಟ್ ವಿಷಯ ಸರಿಯಲ್ಲ. ಮೇಲಿನ ಸಂಖ್ಯೆ ಸಾರ್ವಜನಿಕವಾಗಿ ಇರುವ ವಿಡಿಯೋಗಳದ್ದು ಮಾತ್ರ. ಚಾನೆಲ್ ಮಾಲೀಕರೇ ಲಾಗಿನ್ ಆಗಿ ನೋಡಿದರೂ ಅದೇ ಸಂಖ್ಯೆ. ಯೂಟ್ಯೂಬ್ ಎಪಿಐ ದಾಖಲೆಯಲ್ಲಿ `videoCount` ಅನ್ನುವ ಜಾಗದಲ್ಲಿ ಇದನ್ನು ನೇರವಾಗಿ ಬರೆದಿದ್ದಾರೆ. ವೆಬ್‌ಸೈಟಿನಲ್ಲಿ ಕಾಣುವ ಲೆಕ್ಕವೂ ಹಾಗೇ ಎಂದಿದ್ದಾರೆ.

ನಿಮ್ಮ ಗೊಂದಲಕ್ಕೆ ಮೂಲ 2022ರ ಕೊನೆಯಲ್ಲಿದೆ. ಅಲ್ಲಿಯವರೆಗೆ ವಿಡಿಯೋಸ್ ಟ್ಯಾಬ್ ಅಂದರೆ ಚಾನೆಲ್‌ಗೆ ಹಾಕಿದ್ದೆಲ್ಲ ಒಂದೇ ಕಡೆ. ಆಮೇಲೆ ಅದನ್ನು ಮೂರು ಮಾಡಿದರು: ವಿಡಿಯೋಸ್, ಶಾರ್ಟ್ಸ್, ಲೈವ್. ಪಟ್ಟಿ ಮೂರಾಯಿತು, ಆದರೆ ಹೆಸರಿನ ಕೆಳಗಿನ ಸಂಖ್ಯೆ ಹಾಗೇ ಒಟ್ಟು ಲೆಕ್ಕವಾಗಿ ಉಳಿಯಿತು. ಮನೆ ಪಾಲಾದ ಮೇಲೂ ಪಡಿತರ ಚೀಟಿ ಒಂದೇ ಇದ್ದ ಹಾಗೆ.

ನೀವು ಯಕ್ಷಗಾನದವರು. ಲೈವ್ ಮಾಡುತ್ತೀರಿ ಅಲ್ವಾ? ಮುಗಿದ ಲೈವ್ ವಿಡಿಯೋಸ್ ಟ್ಯಾಬಿಗೆ ಬರುವುದಿಲ್ಲ. ಲೈವ್ ಟ್ಯಾಬಿನಲ್ಲೇ ಉಳಿಯುತ್ತದೆ. ಆ ಎರಡು ಟ್ಯಾಬ್ ಎಣಿಸಿ ಹೇಳಿ.

ಚಂಡೆಮದ್ದಳೆ · ಬೆಳಗ್ಗೆ 10:55

ಅಯ್ಯೋ, ಲೈವ್ ಟ್ಯಾಬ್ ಮರೆತೇಬಿಟ್ಟಿದ್ದೆ. ಚೌಕಿ ಪೂಜೆಯಿಂದ ಮಂಗಳದವರೆಗೆ ಎಷ್ಟು ಆಟ ಲೈವ್ ಮಾಡಿದ್ದೇವೆ! ಆದರೆ ಮತ್ತೆ ಕೂತು ಬೆರಳು ಮಡಿಸಿ ಎಣಿಸುವುದಕ್ಕೆ ಆಗುವುದಿಲ್ಲ ಮೇಡಂ. ಬೇರೆ ದಾರಿ ಇದೆಯೇ?

ಅಂಕೆಸಂಖ್ಯೆ · ಬೆಳಗ್ಗೆ 11:20

ಇದೆ. ಕಂಪ್ಯೂಟರಿನಲ್ಲಿ ಆ ಟ್ಯಾಬ್ ತೆರೆದು, ತುದಿ ಮುಟ್ಟುವವರೆಗೆ ಸ್ಕ್ರೋಲ್ ಮಾಡಿ. ಎಫ್12 ಒತ್ತಿ, ಕನ್ಸೋಲ್‌ನಲ್ಲಿ ಇದನ್ನು ಹಾಕಿ.

```
document.querySelectorAll('ytd-rich-item-renderer').length
```

ಒಂದು ಎಚ್ಚರಿಕೆ. ಒಂದು ಟ್ಯಾಬಿನಿಂದ ಇನ್ನೊಂದಕ್ಕೆ ಹೋದಾಗ ಹಳೆ ಟ್ಯಾಬಿನದ್ದು ಪುಟದೊಳಗೆ ಅಡಗಿ ಕೂತಿರಬಹುದು. ಆಗ ಎರಡೂ ಸೇರಿ ಲೆಕ್ಕ ಬರುತ್ತದೆ. ಪ್ರತಿ ಟ್ಯಾಬಿಗೆ ಹೋದ ಮೇಲೆ ಪುಟವನ್ನು ರಿಫ್ರೆಶ್ ಮಾಡಿ, ಹೊಸದಾಗಿ ಸ್ಕ್ರೋಲ್ ಮಾಡಿ, ಆಮೇಲೆ ಎಣಿಸಿ.

ಇನ್ನೊಂದು ದಾರಿಯೂ ಇದೆ. ನಿಮ್ಮ ಚಾನೆಲ್ ಐಡಿ `UC` ಇಂದ ಶುರುವಾಗುತ್ತದೆ. ಆ ಎರಡು ಅಕ್ಷರ ತೆಗೆದು `UULF` ಹಾಕಿದರೆ ವಿಡಿಯೋಗಳ ಪ್ಲೇಲಿಸ್ಟ್, `UUSH` ಹಾಕಿದರೆ ಶಾರ್ಟ್ಸ್, `UULV` ಹಾಕಿದರೆ ಲೈವ್. ಬರೀ `UU` ಹಾಕಿದರೆ ಎಲ್ಲವೂ.

```
https://www.youtube.com/playlist?list=UULV<ಐಡಿಯ ಉಳಿದ ಭಾಗ>
```

ಇದರಲ್ಲಿ ಬರೀ `UU` ಮಾತ್ರ ಅಧಿಕೃತ. ಉಳಿದವನ್ನು ಜನ ಕಂಡುಕೊಂಡದ್ದು, ಯಾವ ದಾಖಲೆಯಲ್ಲೂ ಇಲ್ಲ. ಇವತ್ತು ಕೆಲಸ ಮಾಡುತ್ತದೆ, ಅಷ್ಟೇ. ಅದನ್ನು ನಂಬಿ ದೊಡ್ಡದೇನನ್ನೂ ಕಟ್ಟಬೇಡಿ.

ತೋಟದಮನೆ · ಬೆಳಗ್ಗೆ 11:48

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಅಡಿಕೆ ತೋಟದ ಚಾನೆಲ್. ಕಸಿ ಕಟ್ಟುವುದು, ಬೋರ್ಡೋ ದ್ರಾವಣ ಮಾಡುವುದು, ಇಂಥದ್ದು. ಎಲ್ಲ ಫೋನ್ ನೆಟ್ಟಗೆ ಹಿಡಿದು ತೆಗೆಯುವುದು. ಒಂದೊಂದು ಎರಡು, ಎರಡೂವರೆ ನಿಮಿಷ. ಹಳೆಯವು ವಿಡಿಯೋಸ್ ಟ್ಯಾಬಿನಲ್ಲಿ ಇವೆ. ಈಚೆಗೆ ಹಾಕಿದ ಒಂದೂ ಅಲ್ಲಿ ಕಾಣುವುದಿಲ್ಲ! ಒಂದೇ ಫೋನ್, ಒಂದೇ ರೀತಿ ತೆಗೆದದ್ದು. ನನ್ನ ಚಾನೆಲ್ ಮೇಲೆ ಏನಾದರೂ ಕ್ರಮ ತೆಗೆದುಕೊಂಡಿದ್ದಾರಾ?

ಅಂಕೆಸಂಖ್ಯೆ · ಮಧ್ಯಾಹ್ನ 12:10

ಕ್ರಮ ಏನೂ ಇಲ್ಲ ಅಣ್ಣ. ಅವು ಶಾರ್ಟ್ಸ್ ಟ್ಯಾಬಿನಲ್ಲಿ ಇರುತ್ತವೆ, ನೋಡಿ. ಮೊದಲು 60 ಸೆಕೆಂಡಿನ ಒಳಗಿನ, ನೆಟ್ಟಗೆ ಹಿಡಿದು ತೆಗೆದ ಅಥವಾ ಚೌಕ ವಿಡಿಯೋ ಮಾತ್ರ ಶಾರ್ಟ್ಸ್. 2024ರ ಅಕ್ಟೋಬರ್ 15ರಿಂದ ಅದನ್ನು 3 ನಿಮಿಷಕ್ಕೆ ಏರಿಸಿದರು. ಆ ದಿನದ ನಂತರ ಹಾಕಿದವುಗಳಿಗೆ ಮಾತ್ರ ಈ ನಿಯಮ, ಹಿಂದಿನವನ್ನು ಮುಟ್ಟಲಿಲ್ಲ. ಹಾಗಾಗಿ ನಿಮ್ಮ ಹಳೆಯ ಎರಡು ನಿಮಿಷದ ವಿಡಿಯೋ ವಿಡಿಯೋಸ್‌ನಲ್ಲಿ, ಹೊಸ ಎರಡು ನಿಮಿಷದ್ದು ಶಾರ್ಟ್ಸ್‌ನಲ್ಲಿ.

ಫೋನನ್ನು ಅಡ್ಡ ಹಿಡಿದು ತೆಗೆದರೆ ವಿಡಿಯೋಸ್‌ಗೆ ಹೋಗುತ್ತದೆ. ಅಥವಾ 3 ನಿಮಿಷ ದಾಟಬೇಕು.

ತೋಟದಮನೆ · ಮಧ್ಯಾಹ್ನ 12:31

ಎಲ್ಲ ಅಲ್ಲೇ ಇವೆ! ಬದುಕಿದೆ. ಆದರೆ ಅಡಿಕೆ ಮರ ಅಡ್ಡ ಹಿಡಿದರೆ ಚೌಕಟ್ಟಿನಲ್ಲಿ ಕೂರುವುದಿಲ್ಲವಲ್ಲ. ಇನ್ನು 3 ನಿಮಿಷ 10 ಸೆಕೆಂಡ್ ಮಾತಾಡಬೇಕು.

ಚಂಡೆಮದ್ದಳೆ · ಮಧ್ಯಾಹ್ನ 1:15

ಎಣಿಸಿದೆ. ಪ್ರತಿ ಸಲ ರಿಫ್ರೆಶ್ ಮಾಡಿಯೇ ಎಣಿಸಿದ್ದು. ವಿಡಿಯೋಸ್ 236, ಶಾರ್ಟ್ಸ್ 121, ಲೈವ್ 52. ಕೂಡಿದರೆ 409.

ಬೇಕಾದದ್ದು 412. ಮೂರು ಇನ್ನೂ ಸಿಗಲಿಲ್ಲ. ಅಧ್ಯಕ್ಷರು ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್. ಮೂರು ರೂಪಾಯಿ ವ್ಯತ್ಯಾಸಕ್ಕೆ ರಾತ್ರಿ ಹತ್ತರವರೆಗೆ ಕೂತವರು. ಬಿಡುವುದಿಲ್ಲ.

ಸ್ಟುಡಿಯೋಶೆಟ್ರು · ಮಧ್ಯಾಹ್ನ 1:22

ನೋಡಿ, ಆ ಮೂರು ಅನ್‌ಲಿಸ್ಟೆಡ್. ನಾನು ಹೇಳಿದ್ದೇ.

ಅಂಕೆಸಂಖ್ಯೆ · ಮಧ್ಯಾಹ್ನ 2:04

ವಾದ ಬೇಡ ಶೆಟ್ರೇ, ಪರೀಕ್ಷೆ ಮಾಡಿಬಿಡೋಣ. ಚಂಡೆಮದ್ದಳೆಯವರೇ, ಯೂಟ್ಯೂಬ್ ಸ್ಟುಡಿಯೋದ ಕಂಟೆಂಟ್ ಪುಟಕ್ಕೆ ಹೋಗಿ. ಅಲ್ಲೂ ವಿಡಿಯೋಸ್, ಶಾರ್ಟ್ಸ್, ಲೈವ್ ಅಂತ ಬೇರೆ ಬೇರೆ ಇದೆ. ಪುಟದ ಕೆಳಗೆ ಒಟ್ಟು ಎಷ್ಟು ಅಂತ ತೋರಿಸುತ್ತದೆ. ಮೊದಲು ಹಾಗೇ ಬರೆದುಕೊಳ್ಳಿ. ಆಮೇಲೆ ಫಿಲ್ಟರ್‌ನಲ್ಲಿ ವಿಸಿಬಿಲಿಟಿ ಪಬ್ಲಿಕ್ ಅಂತ ಹಾಕಿ ಮತ್ತೆ ಬರೆದುಕೊಳ್ಳಿ.

ಚಂಡೆಮದ್ದಳೆ · ಮಧ್ಯಾಹ್ನ 3:30

ಮಾಡಿದೆ. ಫಿಲ್ಟರ್ ಇಲ್ಲದೆ ಮೂರೂ ಸೇರಿ 433. ಪಬ್ಲಿಕ್ ಮಾತ್ರ ಅಂದರೆ ವಿಡಿಯೋಸ್ 238, ಶಾರ್ಟ್ಸ್ 121, ಲೈವ್ 52. ಅಂದರೆ 411.

ಈಗ ನನ್ನ ಹತ್ತಿರ ನಾಲ್ಕು ಸಂಖ್ಯೆ ಇವೆ: 433, 412, 411, 409. ಬೆಳಗ್ಗೆ ಎರಡೇ ಇದ್ದವು.

ಅಂಕೆಸಂಖ್ಯೆ · ಮಧ್ಯಾಹ್ನ 3:52

ಜಾಸ್ತಿಯಾದದ್ದು ಒಳ್ಳೆಯದೇ. ಒಂದೊಂದೇ ಬಿಡಿಸೋಣ.

433ರಿಂದ 411 ಕಳೆದರೆ 22. ಅವು ನಿಮ್ಮ ಪ್ರೈವೇಟ್, ಅನ್‌ಲಿಸ್ಟೆಡ್, ಅರ್ಧಕ್ಕೆ ಬಿಟ್ಟ ಡ್ರಾಫ್ಟ್. ಶೆಟ್ರ ಮಾತು ನಿಜವಾಗಿದ್ದರೆ ಚಾನೆಲ್ ಹೆಸರಿನ ಕೆಳಗೆ 430ರ ಆಸುಪಾಸು ಇರಬೇಕಿತ್ತು. ಇರುವುದು 412. ಹಾಗಾಗಿ ಆ 22 ಲೆಕ್ಕದಲ್ಲಿ ಇಲ್ಲ.

ಸ್ಟುಡಿಯೋದಲ್ಲಿ ಪಬ್ಲಿಕ್ ವಿಡಿಯೋ 238. ಆದರೆ ನಿಮ್ಮ ಟ್ಯಾಬಿನಲ್ಲಿ ಕಾಣುವುದು 236. ಇದು ನನಗೆ ಕುತೂಹಲ. ಪಬ್ಲಿಕ್ ಆಗಿವೆ, ಲೆಕ್ಕದಲ್ಲಿವೆ, ಆದರೆ ನಿಮಗೆ ಕಾಣುವುದಿಲ್ಲ. ಅದೇ ಪಟ್ಟಿಯಲ್ಲಿ ರಿಸ್ಟ್ರಿಕ್ಷನ್ಸ್ ಅನ್ನುವ ಕಾಲಮ್ ನೋಡಿ. ಯಾವುದರ ಮುಂದಾದರೂ ಕಾಪಿರೈಟ್ ಅಂತ ಇದೆಯಾ?

ಚಂಡೆಮದ್ದಳೆ · ಸಂಜೆ 4:20

ಏಳು ಕಡೆ ಇದೆ. ಐದರಲ್ಲಿ ವಿಡಿಯೋ ನೋಡಬಹುದು, ಜಾಹೀರಾತಿನ ಹಣ ಹಾಡಿನವರಿಗೆ ಅಂತಿದೆ. ಎರಡರಲ್ಲಿ ಕೆಲವು ದೇಶಗಳಲ್ಲಿ ತಡೆ ಅಂತಿದೆ. ದೇಶಗಳ ಪಟ್ಟಿ ತೆರೆದರೆ ಭಾರತವೂ ಇದೆ!

ಎರಡೂ ಸನ್ಮಾನ ಕಾರ್ಯಕ್ರಮದ ವಿಡಿಯೋ. ಶಾಲು ಹೊದಿಸುವಾಗ ಮೈಕಿನ ಹುಡುಗ ಸುಮ್ನೆ ಇರಲಾರದೆ ಸಿನಿಮಾ ಹಾಡು ಹಾಕಿದ್ದ. ಈಗ ನೆನಪಾಯಿತು.

ಶಾರ್ಜಾಕನ್ನಡಿಗ · ಸಂಜೆ 4:41

ನಾನು ಈ ಚಾನೆಲ್ ನೋಡುವವನೇ, ಊರು ಕುಂದಾಪುರದ ಹತ್ತಿರ. ಮೇಲಿನ ಎಣಿಸುವ ಸಾಲನ್ನು ಇಲ್ಲಿಂದ ಹಾಕಿ ನೋಡಿದೆ. ನನಗೆ ವಿಡಿಯೋಸ್ ಟ್ಯಾಬಿನಲ್ಲಿ 238 ಬರುತ್ತದೆ. ಸನ್ಮಾನದ್ದು ಎರಡೂ ಕಾಣುತ್ತವೆ, ಓಡುತ್ತವೆ. ಹಾಡೂ ಚೆನ್ನಾಗಿ ಕೇಳುತ್ತದೆ.

ಅಂಕೆಸಂಖ್ಯೆ · ಸಂಜೆ 4:50

ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಹೆಸರಿನ ಕೆಳಗಿನ ಸಂಖ್ಯೆ ದೇಶ ನೋಡಿ ಬದಲಾಗಲಿಲ್ಲ, ಟ್ಯಾಬಿನ ಪಟ್ಟಿ ಬದಲಾಯಿತು. ಪಟ್ಟಿ ತಯಾರಾಗುವುದು ನೋಡುವವರಿಗೆ ಏನು ತೋರಿಸಬಹುದು ಅಂತ ಸೋಸಿದ ಮೇಲೆ.

ಸರಿಪಡಿಸಲು ಸ್ಟುಡಿಯೋದಲ್ಲೇ ದಾರಿ ಇದೆ. ಆ ಕ್ಲೇಮ್ ತೆರೆದರೆ ಮೂರು ಆಯ್ಕೆ ಸಿಗುತ್ತವೆ: ಆ ತುಂಡನ್ನು ಕತ್ತರಿಸುವುದು, ಹಾಡನ್ನು ಬದಲಿಸುವುದು, ಹಾಡನ್ನು ಮ್ಯೂಟ್ ಮಾಡುವುದು. ಮ್ಯೂಟ್‌ನಲ್ಲಿ ಹಾಡು ಮಾತ್ರ ತೆಗೆದು ಮಾತು ಉಳಿಸುವ ಆಯ್ಕೆಯೂ ಇದೆ, ಆದರೆ ಎಲ್ಲ ಸಲ ನೀಟಾಗಿ ಬರುವುದಿಲ್ಲ. ಉಳಿಸಿದ ಮೇಲೆ ಕೆಲವು ಗಂಟೆ ಹಿಡಿಯಬಹುದು.

ಇನ್ನು 412 ಮತ್ತು 411. ಈಚೆಗೆ ಒಂದು ವಿಡಿಯೋ ಅಳಿಸಿದ್ದೀರಾ?

ಚಂಡೆಮದ್ದಳೆ · ಸಂಜೆ 5:02

ಹ್ಞೂಂ... ನಿನ್ನೆ ಮೀಟಿಂಗ್ ಮುಗಿಸಿ ಬಂದು ಒಂದನ್ನು ಅಳಿಸಿದೆ. ಒಂದೇ ತಾಳಮದ್ದಳೆ ಎರಡು ಸಲ ಏರಿಸಿದ್ದೆ. "ನಾನು ಅಳಿಸಿಲ್ಲ" ಅಂದದ್ದು ಮೀಟಿಂಗಿನವರೆಗೆ ಸತ್ಯ.

ಅಂಕೆಸಂಖ್ಯೆ · ಸಂಜೆ 5:09

ಹಾಗಾದರೆ ಆ ಒಂದು ಅದೇ ಇರಬೇಕು. ಮೇಲಿನ ಸಂಖ್ಯೆ ಪ್ರತಿ ಸಲ ಹೊಸದಾಗಿ ಎಣಿಸಿ ತೋರಿಸುವುದಲ್ಲ. ಒಂದು ಕಡೆ ಬರೆದಿಟ್ಟು, ಆಗಾಗ ತಿದ್ದುತ್ತಾರೆ. ಎರಡು ದಿನ ಬಿಟ್ಟು ನೋಡಿ.

ಪಿಯುಸಿ ಮೇಷ್ಟ್ರು · ಸಂಜೆ 6:15

ಈಗ ಪೂರ್ತಿ ಓದಿದೆ. ಬೆಳಗ್ಗೆ ತಪ್ಪು ತಿಳಿದುಕೊಂಡಿದ್ದೆ. ಒಂದು ವಿಷಯ. ಮಧ್ಯಾಹ್ನ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಇದೇ ಚಾನೆಲ್ ತೆರೆದೆ. ವಿಡಿಯೋಸ್ ಟ್ಯಾಬಿನಲ್ಲಿ 236 ಅಲ್ಲ, 219 ಬಂತು. ಮನೆಗೆ ಬಂದು ನೋಡಿದರೆ 236. ನಾನು ಶಾರ್ಜಾಗೆ ಹೋಗಿ ಬಂದಿಲ್ಲ!

ಸುದ್ದಿಸಂಗ್ರಹ · ಸಂಜೆ 6:33

ಮೇಷ್ಟ್ರೇ, ಅದು ರಿಸ್ಟ್ರಿಕ್ಟೆಡ್ ಮೋಡ್ ಇರಬೇಕು. ಮಕ್ಕಳಿಗೆ ಬೇಡದ್ದು ಅಂತ ಯಂತ್ರಕ್ಕೆ ಅನ್ನಿಸಿದ್ದನ್ನು ಅಡಗಿಸುತ್ತದೆ. ಕಾಲೇಜಿನ ನೆಟ್‌ವರ್ಕ್ ನೋಡಿಕೊಳ್ಳುವವರು ಡಿಎನ್‌ಎಸ್ ಮಟ್ಟದಲ್ಲೇ ಅದನ್ನು ಹಾಕಿರುತ್ತಾರೆ. ಆಗ ನೀವು ಲಾಗಿನ್ ಆದರೂ ತೆಗೆಯಲು ಬರುವುದಿಲ್ಲ. ಪ್ರೊಫೈಲ್ ಚಿತ್ರದ ಮೆನುವಿನ ಕೊನೆಯಲ್ಲಿ ಆನ್ ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ಚಂಡೆಮದ್ದಳೆ · ಸಂಜೆ 6:47

ಯಕ್ಷಗಾನದಲ್ಲಿ ಮಕ್ಕಳಿಗೆ ಬೇಡದ್ದು 17 ಏನಿದೆಯಪ್ಪ? ಪ್ರಸಂಗದ ಹೆಸರಿನಲ್ಲಿ "ವಧೆ" ಇದ್ದದ್ದಕ್ಕೆ ಹೆದರಿತೋ ಏನೋ. ಕೀಚಕ ವಧೆ, ಕಂಸ ವಧೆ, ಜರಾಸಂಧ ವಧೆ. ನಮ್ಮಲ್ಲಿ ವಧೆ ಇಲ್ಲದೆ ಆಟ ಮುಗಿಯುವುದೇ ಕಡಿಮೆ.

ಪಿಯುಸಿ ಮೇಷ್ಟ್ರು · ಸಂಜೆ 6:58

ಸೋಮವಾರ ಲ್ಯಾಬಿಗೆ ಹೋಗಿ ಯಾವ 17 ಅಂತ ಪಟ್ಟಿ ಮಾಡುತ್ತೇನೆ.

ಸುದ್ದಿಸಂಗ್ರಹ · ರಾತ್ರಿ 8:20

ನನ್ನ ಸಮಸ್ಯೆ ಇದೇ ಜಾತಿಯದ್ದು, ಆದರೆ ದೊಡ್ಡದು. ಸುದ್ದಿ ಚಾನೆಲ್‌ಗಳ ವಿಡಿಯೋ ಶೀರ್ಷಿಕೆಗಳನ್ನು ಸಂಗ್ರಹಿಸುತ್ತೇನೆ. ಒಂದು ಚಾನೆಲ್‌ನಲ್ಲಿ ಲಕ್ಷಕ್ಕೂ ಮೇಲೆ ವಿಡಿಯೋ ಅಂತಿದೆ. `UU` ಪ್ಲೇಲಿಸ್ಟಿನಿಂದ ಎಪಿಐ ಮೂಲಕ 50-50ರಂತೆ ಎಳೆದರೆ 20,000ದ ಹತ್ತಿರ ನಿಂತುಬಿಡುತ್ತದೆ. ದೋಷ ಅಂತ ಏನೂ ಹೇಳುವುದಿಲ್ಲ, ಮುಂದಿನ ಪುಟದ ಟೋಕನ್ ಕೊಡುವುದು ನಿಲ್ಲಿಸುತ್ತದೆ. ಇದಕ್ಕೂ ಮೇಲಿನ ಕಾರಣಗಳಿಗೂ ಸಂಬಂಧ ಇದೆಯೇ?

ಅಂಕೆಸಂಖ್ಯೆ · ರಾತ್ರಿ 8:45

ಸಂಬಂಧ ಇಲ್ಲ. ಅದು ಪ್ಲೇಲಿಸ್ಟಿನ ಮಿತಿ. ಹೊಸ 20,000 ಸಿಗುತ್ತದೆ, ಅದಕ್ಕಿಂತ ಹಳೆಯವು ಪಟ್ಟಿಯ ಹೊರಗೆ. ವಿಡಿಯೋಗಳು ಚಾನೆಲ್‌ನಲ್ಲೇ ಇರುತ್ತವೆ, ಲಿಂಕ್ ಗೊತ್ತಿದ್ದರೆ ತೆರೆಯುತ್ತವೆ.

`search.list`ನಲ್ಲಿ `publishedAfter`, `publishedBefore` ಹಾಕಿ ದಿನ ದಿನದ ತುಂಡು ಮಾಡಿ ಕೇಳಬಹುದು. ಆದರೆ ಒಂದು ಹುಡುಕಾಟಕ್ಕೆ 500ರ ಆಸುಪಾಸಿಗಿಂತ ಜಾಸ್ತಿ ಬರುವುದಿಲ್ಲ. ಪ್ರತಿ ಕರೆಗೆ 100 ಯೂನಿಟ್ ಖರ್ಚು, ದಿನಕ್ಕೆ ಸಿಗುವುದು 10,000. ಅಂದರೆ ದಿನಕ್ಕೆ ನೂರು ಕರೆ. ಪ್ಲೇಲಿಸ್ಟ್ ಕರೆಗಾದರೆ ಒಂದೇ ಯೂನಿಟ್. ಹುಡುಕಾಟ ಕೆಲವನ್ನು ಬಿಟ್ಟೂಬಿಡುತ್ತದೆ. ನಾನಾದರೆ ಇವತ್ತಿನಿಂದ ದಿನಾ ಎಳೆದು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ, ಹಿಂದಿನದು ಸಿಕ್ಕಷ್ಟು.

ಇನ್ನೊಂದು, ದೊಡ್ಡ ಚಾನೆಲ್‌ಗಳಲ್ಲಿ ಹೆಸರಿನ ಕೆಳಗಿನ ಸಂಖ್ಯೆಯನ್ನು ಮೊಟಕು ಮಾಡಿ ತೋರಿಸುತ್ತಾರೆ, 1.2K ಅನ್ನುವ ಹಾಗೆ. ಅದನ್ನು ನಂಬಿ ಲೆಕ್ಕ ತಾಳೆ ನೋಡಬೇಡಿ. ವಿವರಣೆಯ ಪಕ್ಕದ "more" ಒತ್ತಿದರೆ ಪೂರ್ತಿ ಸಂಖ್ಯೆ ಇರುತ್ತದೆ.

ಸ್ಟುಡಿಯೋಶೆಟ್ರು · ರಾತ್ರಿ 9:30

ನನ್ನದನ್ನೂ ಎಣಿಸಿದೆ. ಮೇಲೆ 188, ವಿಡಿಯೋಸ್ 97, ಶಾರ್ಟ್ಸ್ 80, ಲೈವ್ 11. ಸರಿಯಾಗಿ ತಾಳೆ. ಅನ್‌ಲಿಸ್ಟೆಡ್ 300ಕ್ಕೂ ಮೇಲಿವೆ, ಒಂದೂ ಸೇರಿಲ್ಲ. ಇಷ್ಟು ವರ್ಷ ಗಿರಾಕಿಗಳಿಗೆ "500 ವಿಡಿಯೋ ಇದೆ, ಯೂಟ್ಯೂಬಿನಲ್ಲೇ ನೋಡಿ" ಅಂತ ಹೇಳುತ್ತಿದ್ದೆ. ಯಾರೂ ಎಣಿಸಲಿಲ್ಲ ಪುಣ್ಯಕ್ಕೆ.

ಮೇಡಂ, ಸದಸ್ಯರಿಗೆ ಮಾತ್ರ ಅಂತ ಹಾಕುವ ವಿಡಿಯೋಗಳು? ಅವು ಲೆಕ್ಕಕ್ಕೆ ಸೇರುತ್ತವಾ?

ಅಂಕೆಸಂಖ್ಯೆ · ರಾತ್ರಿ 9:41

ನನ್ನ ಕೈಯಲ್ಲಿ ಅಂಥ ಚಾನೆಲ್ ಇಲ್ಲ. ಇದ್ದವರು ಒಂದು ಹಾಕಿ, ಹಿಂದೆ ಮುಂದೆ ಸಂಖ್ಯೆ ನೋಡಿ ಹೇಳಲಿ.

ತೋಟದಮನೆ · ರಾತ್ರಿ 9:55

ನನ್ನ ತಂಗಿಯ ಮಗ ಸೇರುತ್ತದೆ ಅನ್ನುತ್ತಾನೆ. ಅವನ ಗೆಳೆಯ ಸೇರುವುದಿಲ್ಲ ಅನ್ನುತ್ತಾನೆ. ಇಬ್ಬರದ್ದೂ ಚಾನೆಲ್ ಇದೆ.

ಚಂಡೆಮದ್ದಳೆ · ಸೋಮವಾರ, ಬೆಳಗ್ಗೆ 8:05

ವರದಿ ಒಪ್ಪಿಸುತ್ತಿದ್ದೇನೆ. ಸನ್ಮಾನದ ಒಂದು ವಿಡಿಯೋದಲ್ಲಿ ಹಾಡಿನ ತುಂಡನ್ನೇ ಕತ್ತರಿಸಿದೆ. ಇನ್ನೊಂದರಲ್ಲಿ ಹಾಡು ಮಾತ್ರ ಮ್ಯೂಟ್ ಮಾಡಿದೆ. ಎರಡೂ ನಿನ್ನೆ ಸಂಜೆಗೆ ಇಲ್ಲಿ ಕಾಣಿಸಿಕೊಂಡವು. ವಿಡಿಯೋಸ್ ಟ್ಯಾಬ್ ಈಗ 238. ಮ್ಯೂಟ್ ಮಾಡಿದ್ದರಲ್ಲಿ ಅಧ್ಯಕ್ಷರ ಭಾಷಣವೂ ಅರ್ಧ ನುಂಗಿಹೋಗಿದೆ. ಅವರಿಗೆ ಇನ್ನೂ ಹೇಳಿಲ್ಲ.

ಹೆಸರಿನ ಕೆಳಗೆ ಫೋನಿನಲ್ಲಿ 411 ಅಂತಿದೆ. ಕಂಪ್ಯೂಟರಿನಲ್ಲಿ ಇನ್ನೂ 412. ಯಾವುದನ್ನು ಮೀಟಿಂಗಿನಲ್ಲಿ ತೋರಿಸಲಿ?

ಶಾರ್ಜಾಕನ್ನಡಿಗ · ಸೋಮವಾರ, ಬೆಳಗ್ಗೆ 8:19

ಫೋನ್ ತೋರಿಸಿ. ಭಾಷಣ ಪೂರ್ತಿ ಇರುವ ಪ್ರತಿ ನನ್ನ ಹತ್ತಿರ ಇದೆ, ಶನಿವಾರವೇ ಇಳಿಸಿಟ್ಟುಕೊಂಡೆ. ಬೇಕಾದರೆ ಕಳಿಸುತ್ತೇನೆ.

ಪಿಯುಸಿ ಮೇಷ್ಟ್ರು · ಸೋಮವಾರ, ಬೆಳಗ್ಗೆ 11:50

ಲ್ಯಾಬಿನ ಪಟ್ಟಿ ಸಿದ್ಧ. ಕಾಣದ 17ರಲ್ಲಿ "ವಧೆ" ಇರುವುದು ಆರೇ. ಕೀಚಕ ವಧೆ ಅಡಗಿದೆ, ಕಂಸ ವಧೆ ಆರಾಮಾಗಿ ಕಾಣುತ್ತದೆ. ಉಳಿದ 11ರಲ್ಲಿ ಎರಡು ಮಕ್ಕಳ ಮೇಳದ ಪೂರ್ವರಂಗ. ನನಗೆ ತರ್ಕ ಹತ್ತಲಿಲ್ಲ. ಯಾರಿಗಾದರೂ ಹತ್ತಿದರೆ ಹೇಳಿ.